ಚಹಾ ಆರಲು ಎಷ್ಟು ಹೊತ್ತು: ನೇರ ಲೆಕ್ಕವೋ, ಘಾತೀಯ ಲೆಕ್ಕವೋ?

ಎರಡಕ್ಕೂ ಥರ್ಮಾಮೀಟರ್ ಬೇಕು. ಕೋಣೆ 25 ಡಿಗ್ರಿ, ಲೋಟದ ಚಹಾ 85, ಐದು ನಿಮಿಷಕ್ಕೆ 73 ಆಯಿತು ಅಂದುಕೊಳ್ಳಿ.

ಸುಲಭ ಬೇಕಾದರೆ ನೇರ ಲೆಕ್ಕ. ನಿಮಿಷಕ್ಕೆ 2.4 ಡಿಗ್ರಿ ಇಳಿದರೆ, 60ಕ್ಕೆ ಬರಲು ಸುಮಾರು ಹತ್ತೂವರೆ ನಿಮಿಷ. ಬಾಯಲ್ಲೇ ಮುಗಿಯುತ್ತದೆ.

ಘಾತೀಯ ಲೆಕ್ಕದಲ್ಲಿ ನೋಡಬೇಕಾದ್ದು ಕೋಣೆಗಿಂತ ಎಷ್ಟು ಜಾಸ್ತಿ ಬಿಸಿ ಇದೆ ಎಂಬುದನ್ನು. ಅದು 60ರಿಂದ 48ಕ್ಕೆ ಇಳಿದಿದೆ, ಅಂದರೆ ಐದು ನಿಮಿಷಕ್ಕೊಮ್ಮೆ 0.8 ಪಟ್ಟು. ನಮಗೆ ಬೇಕಾದ್ದು 60 ಡಿಗ್ರಿ, ಅಂದರೆ ಕೋಣೆಗಿಂತ 35 ಜಾಸ್ತಿ:

```
t = 5 × ln(60/35) / ln(60/48) ≈ 12
```

ಲಾಗ್ ಬೇಡವೆಂದರೆ 0.8ರಿಂದ ಗುಣಿಸುತ್ತಾ ಹೋಗಿ: 48, 38.4, 30.7. ಹತ್ತು ಹದಿನೈದು ನಿಮಿಷದ ನಡುವೆ ಅಂತ ಗೊತ್ತಾಗುತ್ತದೆ.

ಒಂದೂವರೆ ನಿಮಿಷದ ವ್ಯತ್ಯಾಸಕ್ಕೆ ಇಷ್ಟೆಲ್ಲ ಯಾಕೆ, ಅಲ್ವಾ? ಬಿಸಿಬಿಸಿ ಕುಡಿಯುವವರಿಗೆ ನೇರ ಲೆಕ್ಕವೇ ಸಾಕು. ಆದರೆ 50 ಡಿಗ್ರಿ ಬೇಕೆನ್ನುವವರಿಗೆ ಅದು ಹದಿನೈದು ನಿಮಿಷಕ್ಕೂ ಮೊದಲೇ ಆಯಿತು ಎನ್ನುತ್ತದೆ. ಘಾತೀಯ ಲೆಕ್ಕದಲ್ಲಿ ಇಪ್ಪತ್ತರ ಹತ್ತಿರ.

ಮುಚ್ಚಿದ ಲೋಟಕ್ಕೆ ಘಾತೀಯ ಲೆಕ್ಕ ಚೆನ್ನಾಗಿ ಹೊಂದುತ್ತದೆ. ತೆರೆದಿದ್ದರೆ ಆವಿಯಿಂದಾಗಿ ಮೊದಮೊದಲು ಬೇಗ ಆರುತ್ತದೆ, ಆಮೇಲೆ ನಿಧಾನ. ಹಾಗಾಗಿ ಎಣಿಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಕಾಯಬೇಕು. ನಡುವೆ ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ದರೆ ಎರಡೂ ಲೆಕ್ಕ ಕೆಟ್ಟಿತು, ಹೊಸದಾಗಿ ಅಳೆಯಿರಿ.