ಏಳು ಖಾನೆಯ ಫಾರ್ಮೋ, ನಾಲ್ಕು ಖಾನೆಯದೋ: ಶೇ. 20 ಏರಿಕೆ ಕಂಡರೂ ಗೆಲುವು ಬರೆಯಲಾಗದ ಹಾಳೆ

ಒಂದೇ ನೋಂದಣಿ ಪುಟದ ಎರಡು ರೂಪ. ಎ ಪುಟದ ಫಾರ್ಮಿನಲ್ಲಿ ಏಳು ಖಾನೆ, ಬಿ ಪುಟದಲ್ಲಿ ನಾಲ್ಕು, ಉಳಿದದ್ದೆಲ್ಲ ಒಂದೇ. ಬಂದವರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಮೊದಲೇ ಗೊತ್ತುಮಾಡಿದಂತೆ ತಲಾ 5,000 ಜನಕ್ಕೆ ನಿಲ್ಲಿಸಿದ್ದು. ಎಣಿಸಿದ್ದು ಜನರನ್ನು, ಪುಟ ತೆರೆದ ಸಲಗಳನ್ನಲ್ಲ. ಒಬ್ಬರೇ ಮೂರು ಸಲ ಬಂದದ್ದನ್ನು ಮೂವರೆಂದು ಹಿಡಿದರೆ ಕೆಳಗಿನ ಪರೀಕ್ಷೆಗೆ ಬುಡವೇ ಇರುವುದಿಲ್ಲ.

| ಪುಟ | ಜನ | ನೋಂದಣಿ | ದರ |
|---|---|---|---|
| ಎ | 5,000 | 200 | ಶೇ. 4.0 |
| ಬಿ | 5,000 | 240 | ಶೇ. 4.8 |

ಸ್ಪ್ರೆಡ್‌ಶೀಟ್ ಹಾಳೆಯಲ್ಲಿ ಜನರ ಎಣಿಕೆ B2, B3ರಲ್ಲಿ, ನೋಂದಣಿ C2, C3ರಲ್ಲಿ ಇದ್ದರೆ, B5ರಿಂದ B8ರವರೆಗೆ ಕ್ರಮವಾಗಿ ಈ ನಾಲ್ಕು ಸೂತ್ರ ಸಾಕು:

```
=(C2+C3)/(B2+B3)
=SQRT(B5*(1-B5)*(1/B2+1/B3))
=(C3/B3-C2/B2)/B6
=2*(1-NORM.S.DIST(ABS(B7),TRUE))
```

ಮೊದಲನೆಯದು ಎರಡೂ ಪುಟ ಸೇರಿದ ದರ, 0.044. ಎರಡನೆಯದು ಪ್ರಮಾಣ ದೋಷ, ಅಂದರೆ ಅಂತರ ಆಕಸ್ಮಿಕವಾಗಿ ಎಷ್ಟು ಏರಿಳಿಯಬಹುದೆಂಬ ಅಳತೆ, 0.0041. ಮೂರನೆಯದು ಝಡ್, ಅಂದರೆ ಕಂಡ ಅಂತರ ಆ ದೋಷದ ಎಷ್ಟು ಪಟ್ಟು ಎಂಬುದು, 1.95. ಕೊನೆಯದು ಪಿ-ಮೌಲ್ಯ, 0.051. ಎರಡು ಪುಟಗಳಲ್ಲಿ ನಿಜಕ್ಕೂ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಅಂತರ ನೂರಕ್ಕೆ ಸುಮಾರು ಐದು ಸಲ ಸುಮ್ಮನೆ ಕಾಣಿಸಿಕೊಳ್ಳುತ್ತದೆ ಎಂದಷ್ಟೇ ಇದರ ಅರ್ಥ. 'ಬಿ ಮೇಲಾಗಿರುವ ಸಾಧ್ಯತೆ ಶೇ. 95' ಎಂದು ಓದಿದರೆ ತಪ್ಪು.

ಪಿ 0.05ಕ್ಕಿಂತ ಕಡಿಮೆ ಇದ್ದರೆ ಮಾತ್ರ ಗೆಲುವು ಎಂದು ಮಿತಿ ಇಟ್ಟುಕೊಂಡಿದ್ದರಿಂದ ಕೂದಲೆಳೆಯಲ್ಲಿ ತಪ್ಪಿತು. ಕೈ ತುರಿಸುವುದು ಇಲ್ಲೇ. ಸೂತ್ರದ ಮುಂದಿನ `2*` ಅಳಿಸಿದರೆ ಪಿ 0.026 ಆಗಿ ಹಾಳೆ ಹಸಿರಾಗುತ್ತದೆ. ಆದರೆ ಬಿ ಮೇಲೇ ಎಂಬುದನ್ನಷ್ಟೇ ನೋಡುವ ಒಂದೇ ದಿಕ್ಕಿನ ಪರೀಕ್ಷೆ ಎಂದು ಫಲಿತಾಂಶ ನೋಡುವ ಮುಂಚೆ ಬರೆದಿಟ್ಟಿರಬೇಕಿತ್ತು. ಇನ್ನೆರಡು ದಿನ ಓಡಿಸಿ ಪಿ ಇಳಿದ ಗಳಿಗೆಗೆ ನಿಲ್ಲಿಸುವುದೂ ಅದೇ ಜಾತಿಯ ಮೋಸ: ದಿನಾ ಇಣುಕಿದರೆ, ವ್ಯತ್ಯಾಸವಿಲ್ಲದ ಪುಟಗಳೂ ಒಂದಲ್ಲ ಒಂದು ದಿನ ಗೆದ್ದಂತೆ ಕಾಣುವ ಸಂಭವ ಶೇ. 5ಕ್ಕಿಂತ ಎಷ್ಟೋ ಹೆಚ್ಚು.

ನಿಜವಾದ ಎಡವಟ್ಟು ಆರಂಭದಲ್ಲೇ ಆಗಿತ್ತು. ಶೇ. 4ರಿಂದ 4.8ಕ್ಕೆ ಏರಿದ್ದನ್ನು ಹತ್ತರಲ್ಲಿ ಎಂಟು ಸಲ ಹಿಡಿಯಬೇಕಾದರೆ ಪ್ರತಿ ಪುಟಕ್ಕೆ ಸುಮಾರು 10,300 ಜನ ಬೇಕು. 5,000ಕ್ಕೆ ಆ ಅವಕಾಶ ಹೆಚ್ಚುಕಡಿಮೆ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ ಹಾಗೆ.

ಹಾಗಾಗಿ ಹಾಳೆಯ ಕೆಳಗೆ 'ಬಿ ಶೇ. 20 ಉತ್ತಮ' ಎಂದು ಬರೆಯುವ ಹಾಗಿಲ್ಲ, 'ಎರಡೂ ಒಂದೇ' ಎಂದೂ ಇಲ್ಲ. ಬರೆಯಬಹುದಾದದ್ದು ಇಷ್ಟು: "ಸಾವಿರ ಜನಕ್ಕೆ ಎ ಪುಟದಲ್ಲಿ 40, ಬಿ ಪುಟದಲ್ಲಿ 48 ನೋಂದಣಿ ಬಂದಿವೆ. ಶೇ. 95ರ ವಿಶ್ವಾಸ ವ್ಯಾಪ್ತಿಯಲ್ಲಿ ಈ ಅಂತರ ಸಾವಿರಕ್ಕೆ ಸೊನ್ನೆಯಿಂದ 16ರವರೆಗೆ ಎಲ್ಲಿಯೂ ಇರಬಹುದು. ತೀರ್ಮಾನ ಆಗಿಲ್ಲ. ತಲಾ 10,300 ಜನರೊಂದಿಗೆ ಹೊಸದಾಗಿ ಓಡಿಸಬೇಕು, ಈ ಎಣಿಕೆಯನ್ನು ಅದಕ್ಕೆ ಸೇರಿಸಬಾರದು."