ರಾಗಿಗೆ ಮುಂಚೆ ಹೆಸರೋ, ಅಲಸಂದೆಯೋ, ಹುರುಳಿಯೋ? ಒಂದೇ ಎಕರೆಯಲ್ಲಿ ಹಾಕಿ ನೋಡಿದ್ದು

ನಮ್ಮ ಹೊಲ ಹಳೇಬೀಡಿನ ಕಡೆ. ಕೆಂಪು ಮರಳು ಮಣ್ಣು. ಮೊದಲು ಆಲೂಗಡ್ಡೆ ಹಾಕುತ್ತಿದ್ದೆವು. ಅಂಗಮಾರಿ ಕಾಟ, ಬಿತ್ತನೆ ಗೆಡ್ಡೆಯ ಬೆಲೆ ಎರಡೂ ಸೇರಿ ಅದನ್ನು ಬಿಟ್ಟು ಜೋಳಕ್ಕೆ ಬಂದೆವು, ಅಂದರೆ ಮುಸುಕಿನ ಜೋಳ. ಐದಾರು ವರ್ಷ ಜೋಳದ ಮೇಲೆ ಜೋಳ ಹಾಕಿದ ಮೇಲೆ ಯೂರಿಯಾ ಚೀಲ ಹೆಚ್ಚುತ್ತಾ ಹೋಯಿತು, ತೆನೆ ಚಿಕ್ಕದಾಗುತ್ತಾ ಬಂತು. ಮಣ್ಣು ಪರೀಕ್ಷೆ ಮಾಡಿಸಿದರೆ ಸಾವಯವ ಇಂಗಾಲ 0.4 ಎಂದು ಬಂತು. 0.5ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದೇ ಲೆಕ್ಕ.

ಆಗ ರಾಗಿಗೆ ತಿರುಗಿದೆ. ಅದಕ್ಕೆ ಮುಂಚೆ ಒಂದು ಬೇಳೆಕಾಳಿನ ಬೆಳೆ ತೆಗೆಯಬೇಕು ಅಂತ ತೀರ್ಮಾನಿಸಿದೆ. ಯಾವುದು ಅನ್ನೋದೇ ಪ್ರಶ್ನೆ. ಒಬ್ಬೊಬ್ಬರು ಒಂದೊಂದು ಹೇಳಿದರು. ಅದಕ್ಕೆ ಒಂದು ಎಕರೆಯನ್ನು ಹತ್ತತ್ತು ಗುಂಟೆಯ ನಾಲ್ಕು ತಾಕು ಮಾಡಿದೆ. ಮೊದಲನೆಯದರಲ್ಲಿ ಜೋಳ ಕಟಾವಾದ ಮೇಲೆ ಹಸ್ತ ಮಳೆಗೆ ಹುರುಳಿ ಎರಚಿ, ಜನವರಿಯಲ್ಲಿ ಕಿತ್ತೆ. ಎರಡನೆಯದರಲ್ಲಿ ಭರಣಿ ಮಳೆಗೆ ಹೆಸರು. ಮೂರನೆಯದರಲ್ಲಿ ಅದೇ ದಿನ ಅಲಸಂದೆ. ನಾಲ್ಕನೆಯದನ್ನು ಖಾಲಿ ಬಿಟ್ಟೆ. ಪುಷ್ಯ ಮಳೆಯಲ್ಲಿ ನಾಲ್ಕಕ್ಕೂ ಒಂದೇ ಮಡಿಯ ಜಿಪಿಯು-28 ರಾಗಿ ಪೈರನ್ನು ನಾಟಿ ಮಾಡಿದೆ. ಕೊಟ್ಟಿಗೆ ಗೊಬ್ಬರ, ರಂಜಕ, ಪೊಟ್ಯಾಷ್ ಎಲ್ಲ ತಾಕಿಗೂ ಸಮ. ಆದರೆ ಪ್ರತಿ ತಾಕನ್ನೂ ಮತ್ತೆ ಎರಡು ಭಾಗ ಮಾಡಿ, ಒಂದು ಅರ್ಧಕ್ಕೆ ಮಾತ್ರ ಯೂರಿಯಾ ಕೊಟ್ಟೆ. ಇನ್ನೊಂದು ಅರ್ಧಕ್ಕೆ ಒಂದು ಕಾಳೂ ಇಲ್ಲ. ಹೀಗೆ ಮಾಡದಿದ್ದರೆ ಬೇಳೆಕಾಳು ಏನು ಕೊಟ್ಟಿತು, ಯೂರಿಯಾ ಏನು ಕೊಟ್ಟಿತು ಅಂತ ಗೊತ್ತಾಗುವುದೇ ಇಲ್ಲ, ಅಲ್ವಾ?

ಫಲಿತಾಂಶಕ್ಕೆ ಮುಂಚೆ ಬೇರಿನ ಮಾತು ಹೇಳಲೇಬೇಕು. ಅದರ ಹಿಂದಿನ ವರ್ಷ ನಾನು ಅಲ್ಲೇ ಸೋತಿದ್ದೆ.

ಗಾಳಿಯ ಸಾರಜನಕವನ್ನು ಹಿಡಿಯುವುದು ಗಿಡ ಅಲ್ಲ, ಬೇರಿನ ಗಂಟಿನೊಳಗೆ ಸೇರಿಕೊಂಡ ರೈಜೋಬಿಯಂ ಬ್ಯಾಕ್ಟೀರಿಯಾ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ, ಅದು ಗಿಡಕ್ಕೆ ಸಾರಜನಕ ಕೊಡುತ್ತದೆ. ಮಣ್ಣಲ್ಲೇ ಸಾರಜನಕ ಸುಲಭವಾಗಿ ಸಿಕ್ಕರೆ ಗಿಡ ಈ ವ್ಯವಹಾರಕ್ಕೆ ಕೈ ಹಾಕುವುದಿಲ್ಲ. ನಾನು ಮಾಡಿದ್ದೂ ಅದೇ ತಪ್ಪು. ಅಲಸಂದೆ ಚೆನ್ನಾಗಿ ಬರಲಿ ಅಂತ ಬಿತ್ತುವಾಗಲೇ ಡಿಎಪಿ, ಯೂರಿಯಾ ಎರಡನ್ನೂ ಧಾರಾಳವಾಗಿ ಹಾಕಿದ್ದೆ. ಗಿಡ ಕಪ್ಪಗೆ, ಸೊಂಪಾಗಿ ಬಂತು. ಬೇರು ನೋಡಿದರೆ ಅಲ್ಲೊಂದು ಇಲ್ಲೊಂದು ಸಾಸಿವೆ ಗಾತ್ರದ ಬಿಳಿ ಗಂಟು. ನಾನು ಹಾಕಿದ ಗೊಬ್ಬರವನ್ನೇ ತಿಂದು ಬೆಳೆದ ಗಿಡ ಅದು.

ಈ ಸಲ ಯೂರಿಯಾ ಮುಟ್ಟಲಿಲ್ಲ. ಸೂಪರ್ ಫಾಸ್ಫೇಟ್ ಮಾತ್ರ ಕೊಟ್ಟೆ, ಗಂಟು ಕಟ್ಟಲು ರಂಜಕ ಬೇಕು. ಬೀಜಕ್ಕೆ ರೈಜೋಬಿಯಂ ಪುಡಿ ಲೇಪಿಸಿದೆ. ಬೆಲ್ಲವನ್ನು ನೀರಲ್ಲಿ ಕಾಯಿಸಿ, ಪೂರ್ತಿ ಆರಿಸಿ, ಆ ಅಂಟು ನೀರಲ್ಲಿ ಪುಡಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಿದೆ. ಒಂದು ಎಕರೆಯ ಬೀಜಕ್ಕೆ 200 ಗ್ರಾಂ ಪೊಟ್ಟಣ ಸಾಕು. ಅದರ ಜೊತೆ ಶಿಲೀಂಧ್ರನಾಶಕ ಬೆರೆಸಬಾರದು, ಬಿಸಿಲಲ್ಲಿ ಇಡಬಾರದು. ಒಳಗಿರುವುದು ಜೀವ, ಪುಡಿ ಅಲ್ಲ.

ಮೂವತ್ತೈದನೇ ದಿನ ಗುದ್ದಲಿ ತಗೊಂಡು ಅಲಸಂದೆಯ ತಾಕಿಗೆ ಹೋದೆ. ಗಿಡವನ್ನು ಎಳೆದು ಕೀಳಬೇಡಿ, ಗಂಟೆಲ್ಲ ಮಣ್ಣಲ್ಲೇ ಕಳಚಿಕೊಳ್ಳುತ್ತವೆ. ಸುತ್ತ ಒಂದು ಗೇಣು ಬಿಟ್ಟು ಹೆಂಟೆ ಸಮೇತ ಎತ್ತಿ, ಬಕೆಟ್ ನೀರಲ್ಲಿ ಅದ್ದಿಟ್ಟೆ. ಮಣ್ಣು ತಾನಾಗಿ ಕರಗಿತು. ತಾಯಿ ಬೇರಿನ ಮೇಲ್ಭಾಗದಲ್ಲಿ ಕಡಲೆಕಾಳಿಗಿಂತ ಸ್ವಲ್ಪ ಚಿಕ್ಕದಾದ ಗಂಟುಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು. ಒಂದನ್ನು ಉಗುರಲ್ಲಿ ಸೀಳಿದೆ. ಒಳಗೆ ಕೆಂಪು, ಹಸಿ ಮಾಂಸದ ಬಣ್ಣ. ಬೆರಳಿಗೂ ಅಂಟಿತು. ಆ ಬಣ್ಣ ಇದ್ದರೆ ಕೆಲಸ ನಡೀತಿದೆ ಅಂತ ಅರ್ಥ. ಬಿಳಿ ಇದ್ದರೆ ಇನ್ನೂ ಶುರುವಾಗಿಲ್ಲ ಅಥವಾ ಆಗುವುದೇ ಇಲ್ಲ. ಹಸಿರು, ಕಂದು ಆಗಿದ್ದರೆ ಕೆಲಸ ಮುಗಿಯಿತು. ಇನ್ನೊಂದು ಎಚ್ಚರ. ಬೇರೇ ಊದಿಕೊಂಡು ಗಂಟಾಗಿದ್ದರೆ, ಉಜ್ಜಿದರೂ ಕಳಚದಿದ್ದರೆ, ಅದು ಜಂತುಹುಳುವಿನ ಗಂಟು. ತರಕಾರಿ ಹಾಕಿದ ಹೊಲಗಳಲ್ಲಿ ಅದು ಇರುತ್ತದೆ, ಅಲಸಂದೆಗೂ ಬರುತ್ತದೆ. ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ, ಮುಟ್ಟಿದರೆ ಉದುರುತ್ತದೆ.

ಹೆಸರಿನ ಬೇರಲ್ಲೂ ಗಂಟು ಕೆಂಪಾಗಿತ್ತು, ಸಂಖ್ಯೆ ಮಾತ್ರ ಕಡಿಮೆ. ಹಾಗಾದರೆ ಎರಡೂ ಹೆಚ್ಚುಕಡಿಮೆ ಒಂದೇ ಅಂದುಕೊಂಡೆ. ವ್ಯತ್ಯಾಸ ಆಗಿದ್ದು ಕಟಾವಿನಲ್ಲಿ.

ಹೆಸರು 65–70 ದಿನಕ್ಕೆ ಮಾಗುತ್ತದೆ. ಭರಣಿಗೆ ಬಿತ್ತಿದರೆ ಅದು ಸರಿಯಾಗಿ ಜುಲೈ ಮಧ್ಯಕ್ಕೆ ಬೀಳುತ್ತದೆ. ನಮ್ಮ ಕಡೆ ಆಗ ಸೋನೆ ಹಿಡಿದಿರುತ್ತದೆ. ನಾಲ್ಕು ದಿನ ಬಿಸಿಲು ಕಾಣಲಿಲ್ಲ, ಒಣಗಿದ ಕಾಯಿಯೊಳಗೇ ಕಾಳು ಮೊಳಕೆ ಬಂತು. ಉಳಿದದ್ದನ್ನು ಬಿಡಿಸಿದಾಗ 55 ಕೆಜಿ ಸಿಕ್ಕಿತು. ಗಿಡವನ್ನು ಅಲ್ಲೇ ಉತ್ತೆ. ಅಷ್ಟೊತ್ತಿಗೆ ಅದು ಕಡ್ಡಿಯಾಗಿತ್ತು.

ಈ 55 ಕೆಜಿಯ ಲೆಕ್ಕ ನೋಡಿ. ಹೆಸರುಕಾಳಲ್ಲಿ ನೂರಕ್ಕೆ ಸುಮಾರು 24 ಪಾಲು ಪ್ರೋಟೀನ್. ಪ್ರೋಟೀನನ್ನು 6.25ರಿಂದ ಭಾಗಿಸಿದರೆ ಸಾರಜನಕ. ಅಂದರೆ ನೂರು ಕೆಜಿ ಕಾಳಿಗೆ 3.8 ಕೆಜಿ, ನನ್ನ 55 ಕೆಜಿಗೆ ಎರಡು ಕೆಜಿಗಿಂತ ಸ್ವಲ್ಪ ಹೆಚ್ಚು. ಗಂಟು ಕಷ್ಟಪಟ್ಟು ಹಿಡಿದದ್ದರ ದೊಡ್ಡ ಪಾಲು ಚೀಲ ಸೇರಿ ಮನೆಗೆ ಬಂತು. ಗಿಡ ಕಾಳು ಕಟ್ಟುವಾಗ ಎಲೆಯಿಂದ, ಬೇರಿನಿಂದ ಸಾರಜನಕವನ್ನು ಎಳೆದು ಕಾಳಿಗೆ ತುಂಬುತ್ತದೆ. ಬೇಳೆಕಾಳು ಬೆಳೆದರೆ ಸಾಕು, ಮಣ್ಣು ತುಂಬುತ್ತದೆ ಅಂತ ಹೇಳುವವರು ಈ ಭಾಗವನ್ನು ಬಿಟ್ಟೇ ಬಿಡುತ್ತಾರೆ.

ಅಲಸಂದೆಯನ್ನು ಕಾಳಿಗೆ ಬಿಡಲಿಲ್ಲ. ಐವತ್ತೈದನೇ ದಿನದಿಂದ ಹಸಿಕಾಯಿ ಎರಡು ಸಲ ಬಿಡಿಸಿ ಮಾರಿದೆ, ಒಟ್ಟು 90 ಕೆಜಿ. ಹಸಿಕಾಯಿಯಲ್ಲಿ ಹೆಚ್ಚಿನದು ನೀರೇ. ಅದರ ಜೊತೆ ಹೋದ ಸಾರಜನಕ ಒಂದು ಕೆಜಿಗಿಂತ ಕಡಿಮೆ. ಗಿಡ ಇನ್ನೂ ಹಸಿರಾಗಿರುವಾಗಲೇ ಉಳಲು ಹೊರಟೆ. ಅವ್ವ ಬದುವಿನ ಮೇಲೆ ನಿಂತು, "ಇಷ್ಟು ಒಳ್ಳೆ ಮೇವನ್ನ ಮಣ್ಣಿಗೆ ಮುಚ್ತಿಯೇನೋ? ಹಸು ಏನು ತಿನ್ಬೇಕು?" ಅಂದರು. ಅವರ ಮಾತು ಸುಳ್ಳಲ್ಲ. ಎರಡು ಹೊರೆ ಕೊಯ್ದು ಕೊಟ್ಟು, ಉಳಿದದ್ದಕ್ಕೆ ರೋಟವೇಟರ್ ಹೊಡೆಸಿದೆ.

ಉಳುವ ಮುಂಚೆ ಮೂರು ಕಡೆ ಒಂದೊಂದು ಚದರ ಮೀಟರ್ ಕೊಯ್ದು ತೂಗಿದ್ದೆ. ಸರಾಸರಿ 1.4 ಕೆಜಿ ಹಸಿ ಸೊಪ್ಪು. ಹತ್ತು ಗುಂಟೆ ಅಂದರೆ ಸುಮಾರು ಸಾವಿರ ಚದರ ಮೀಟರ್, ಹಾಗಾಗಿ 1,400 ಕೆಜಿ. ಒಣಗಿದರೆ 250 ಕೆಜಿ ಉಳಿಯಬಹುದು. ಇಂಥ ಎಳೆ ಸೊಪ್ಪಿನಲ್ಲಿ ನೂರಕ್ಕೆ ಎರಡೂವರೆ ಪಾಲು ಸಾರಜನಕ ಅಂತ ಹಿಡಿದರೆ ಆರು ಕೆಜಿ. ಇದರಲ್ಲಿ ಒಂದು ಪಾಲು ಮಣ್ಣಿನದ್ದೇ, ಗಿಡ ಎತ್ತಿ ಮತ್ತೆ ಇಳಿಸಿದ್ದು. ಎಲ್ಲವೂ ಮೊದಲ ಬೆಳೆಗೇ ಸಿಗುವುದೂ ಇಲ್ಲ. ಆದರೂ ಹೋಲಿಸಿ ನೋಡಿ. ಮಳೆಯಾಶ್ರಯದ ರಾಗಿಗೆ ಎಕರೆಗೆ ಶಿಫಾರಸು ಸುಮಾರು 20 ಕೆಜಿ ಸಾರಜನಕ, ಒಂದು 45 ಕೆಜಿ ಯೂರಿಯಾ ಚೀಲದಷ್ಟು. ಹತ್ತು ಗುಂಟೆಗೆ ಐದು ಕೆಜಿ.

ಹುರುಳಿಯದ್ದು ಬೇಗ ಹೇಳಿ ಮುಗಿಸುತ್ತೇನೆ. ಅದನ್ನು ನಾವು ಕೊಯ್ಯುವುದಿಲ್ಲ, ಬೇರು ಸಮೇತ ಕಿತ್ತು ಕಣಕ್ಕೆ ತರುತ್ತೇವೆ. ಕಾಳು ಮನೆಗೆ, ಹೊಟ್ಟು ಹಸುವಿಗೆ. ಹೊಲದಲ್ಲಿ ಉಳಿದದ್ದು ಉದುರಿದ ಎಲೆ ಮಾತ್ರ. ಅದೂ ಜನವರಿಯಿಂದ ಜುಲೈವರೆಗೆ ಬೋಳು ನೆಲದಲ್ಲಿ. ಬೇಸಿಗೆ ಮಳೆಗೆ ಅದು ಕೊಳೆತು ಬಿಡುಗಡೆಯಾದದ್ದನ್ನು ಹೀರಲು ಅಲ್ಲಿ ಬೆಳೆಯೇ ಇರಲಿಲ್ಲ. ನಮ್ಮ ಮರಳು ಮಣ್ಣಲ್ಲಿ ಅದು ನೀರಿನ ಜೊತೆ ಕೆಳಗಿಳಿದು ಹೋಗುತ್ತದೆ.

ಈಗ ಯೂರಿಯಾ ಇಲ್ಲದ ಅರ್ಧಗಳ ರಾಗಿ, ಐದು ಗುಂಟೆಗೆ. ಖಾಲಿ ತಾಕಿನಲ್ಲಿ 78 ಕೆಜಿ. ಹುರುಳಿಯದರಲ್ಲಿ 84. ಹೆಸರಿನದರಲ್ಲಿ 101. ಅಲಸಂದೆಯದರಲ್ಲಿ 124. ಖಾಲಿ ತಾಕಿಗೆ ಪೂರ್ತಿ ಯೂರಿಯಾ ಕೊಟ್ಟ ಅರ್ಧದಲ್ಲಿ ಬಂದದ್ದು 130.

ಹೆಸರಿನ ತಾಕಿನಲ್ಲಿ ಒಂದು ವಿಷಯ ಗಮನಿಸಿದೆ. ನಾಟಿಯಾದ ಮೊದಲ ಮೂರು ವಾರ ಪೈರಿನ ಕೆಳಗಿನ ಎಲೆ ಹಳದಿ ತಿರುಗಿತ್ತು, ಆಮೇಲೆ ಸರಿಹೋಯಿತು. ಕಡ್ಡಿಯಾದ ಗಿಡ ಕೊಳೆಯುವಾಗ ಆ ಕೆಲಸ ಮಾಡುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕವನ್ನು ಸ್ವಲ್ಪ ಕಾಲ ಹಿಡಿದಿಟ್ಟುಕೊಳ್ಳುತ್ತವೆ. ಎಳೆ ಅಲಸಂದೆ ಹನ್ನೆರಡು ದಿನದಲ್ಲಿ ಕರಗಿ ಹೋಗಿತ್ತು, ಅಲ್ಲಿ ಹಳದಿ ಕಾಣಲೇ ಇಲ್ಲ. ಆದರೆ ಅದೇ ತಾಕಿನಲ್ಲಿ ಯೂರಿಯಾ ಪೂರ್ತಿ ಕೊಟ್ಟ ಅರ್ಧ ನವೆಂಬರ್‌ನ ಒಂದು ಮಳೆಗೆ ಮಲಗಿಬಿಟ್ಟಿತು. ಸಾರಜನಕ ಜಾಸ್ತಿಯಾಗಿ ದಂಟು ಉದ್ದವಾಗಿತ್ತು, ಮೆತ್ತಗಾಗಿತ್ತು. ಅಲಸಂದೆ ಉತ್ತವರು ಯೂರಿಯಾವನ್ನು ಅರ್ಧಕ್ಕೆ ಇಳಿಸಬೇಕು, ಮೇಲುಗೊಬ್ಬರವನ್ನು ಎಲೆ ನೋಡಿ ಕೊಡಬೇಕು ಅಂತ ನಾನು ಹೇಳುವುದು ಅದಕ್ಕೇ.

ಇದು ಒಂದೇ ವರ್ಷದ, ಒಂದೇ ಹೊಲದ ಲೆಕ್ಕ. ಅಲಸಂದೆಯ ತಾಕು ಸ್ವಲ್ಪ ತಗ್ಗಿನಲ್ಲಿತ್ತು, ಅಲ್ಲಿ ತೇವ ಜಾಸ್ತಿ ನಿಲ್ಲುತ್ತದೆ. ಅದರಿಂದಲೂ ಒಂದೆರಡು ಕೆಜಿ ಹೆಚ್ಚಿರಬಹುದು. ಮಣ್ಣು ಪರೀಕ್ಷೆ ಮತ್ತೆ ಮಾಡಿಸಿದರೆ ಸಾವಯವ ಇಂಗಾಲ ಅಷ್ಟೇ ಇತ್ತು. ಅದು ಒಂದು ಹಂಗಾಮಿನಲ್ಲಿ ಏರುವ ಸಂಖ್ಯೆ ಅಲ್ಲ.

ಹಾಗಂತ ಹೆಸರನ್ನು ಬೇಡ ಅನ್ನುವುದಿಲ್ಲ. ಅರಸೀಕೆರೆ, ಕಡೂರಿನಂಥ ಒಣ ಸೀಮೆಯಲ್ಲಿ ಜುಲೈ ಸೋನೆ ಇಷ್ಟು ಹಿಡಿಯುವುದಿಲ್ಲ, ಕಾಳಿಗೆ ಬೆಲೆಯೂ ಇದೆ. ಅಲ್ಲಿ ಹೆಸರೇ ಸರಿಹೋಗಬಹುದು. ಸಕಲೇಶಪುರದ ಕಡೆಯಂತೆ ಹುಳಿ ಮಣ್ಣಿದ್ದರೆ ಯಾವುದೇ ಕಾಳು ಹಾಕುವ ಮುಂಚೆ ಸುಣ್ಣದ ಬಗ್ಗೆ ಕೇಳಿ, ರಸಸಾರ 5.5ಕ್ಕಿಂತ ಇಳಿದರೆ ಗಂಟು ಸರಿಯಾಗಿ ಕಟ್ಟುವುದಿಲ್ಲ. ಕೃತ್ತಿಕೆ ದಾಟಿದರೂ ಮಳೆ ಬರದಿದ್ದರೆ ಅಲಸಂದೆಯ ಆಸೆ ಬಿಡಬೇಕು, ರಾಗಿ ನಾಟಿ ತಡವಾಗಿ ಎರಡೂ ಕೆಡುತ್ತವೆ. ಅಂಥ ವರ್ಷ ರಾಗಿಯಲ್ಲೇ ಅವರೆ ಅಕ್ಕಡಿ ಸಾಲು ಹಾಕಿಕೊಳ್ಳುತ್ತೇನೆ.

ಈ ವರ್ಷ ಮೂವತ್ತು ಗುಂಟೆಗೆ ಅಲಸಂದೆ ಬಿತ್ತಿದ್ದೇನೆ. ಕೊನೆಯ ಹತ್ತು ಗುಂಟೆಯಲ್ಲಿ ಹುರುಳಿ ಹಾಗೇ ಮುಂದುವರಿಯುತ್ತದೆ, ಹೊಟ್ಟು ಹಸುವಿಗೆ ಬೇಕೇ ಬೇಕು. ಆದರೆ ಇನ್ನು ಮೇಲೆ ಅದನ್ನು ಕೀಳುವುದಿಲ್ಲ, ಕುಡುಗೋಲಲ್ಲಿ ಕೊಯ್ಯುತ್ತೇವೆ. ಬೇರು ಹೊಲದಲ್ಲೇ ಇರಲಿ ಅಂತ ಅವ್ವನೂ ಒಪ್ಪಿದ್ದಾರೆ.