8, 16, 32: ಒಂದ ಪಿಸಿಯಾಗ ಮೂರೂ ರ‍್ಯಾಮ್ ಹಾಕಿ ನಾಕು ವರ್ಷ ಆಡಿದ ಮ್ಯಾಲೆ

ನಮ್ದು ಬಾಗಲಕೋಟೆ, ನವನಗರ. 2022ರಾಗ ಪಿಸಿ ಕಟ್ಟಿಸಿದ್ನಿ, ರೈಜನ್ 5 5600 ಪ್ರೊಸೆಸರ್, 8 ಜಿಬಿದು ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್, ನಾಕ್ ಸ್ಲಾಟಿಂದು ಬಿ550 ಬೋರ್ಡ್, 1080ಪಿ ಮಾನಿಟರ್. ರೊಕ್ಕ ಎಲ್ಲಾ ಕಾರ್ಡಿಗೇ ಹೋತು, ರ‍್ಯಾಮಿಗೆ ಉಳದದ್ದು ಒಂದ ಸ್ಟಿಕ್ಕಿನಷ್ಟು, 8 ಜಿಬಿ ಡಿಡಿಆರ್4 3200. ಆಮೇಲೆ 16 ಮಾಡಿದ್ನಿ, ಹೋದ ವರ್ಷ 32 ಮಾಡಿದ್ನಿ, ಪ್ರೊಸೆಸರ್ ಕಾರ್ಡ್ ಎರಡೂ ಇವತ್ತಿಗೂ ಅವೇ ಅದಾವ. ಹಿಂಗಾಗಿ ರ‍್ಯಾಮಿಂದ ಏನ್ ಆಗತೈತಿ ಏನ್ ಆಗಂಗಿಲ್ಲ ಅನ್ನೋದು ನನಗ ಒಂದ ಮಷಿನ್ ಮ್ಯಾಗ ಚಂದಂಗ ಗೊತ್ತಾಗೇತಿ, ಅದನ್ನ ಬರ್ಯಾಕತ್ತೀನಿ.

ಮೊದಲ 8 ಜಿಬಿ. ಮೊದಲನೇ ಆರು ತಿಂಗಳು ನನಗ ಏನೂ ಕಡಿಮಿ ಅನಿಸ್ಲಿಲ್ಲ, ಯಾಕಂದ್ರ ಆಡತಿದ್ದದ್ದು ವ್ಯಾಲೊರಂಟ್ ಮತ್ತ ಜಿಟಿಎ 5, ಅವೆರಡೂ 8ರಾಗ ಆರಾಮ್ ಓಡತಾವ. ತ್ರಾಸ್ ಶುರು ಆದದ್ದು ರೆಡ್ ಡೆಡ್ ರಿಡೆಂಪ್ಶನ್ 2 ಹಾಕಿದ ಮ್ಯಾಲೆ. ಬಯಲಾಗ ಕುದುರಿ ಓಡಸಾಕತ್ರ ಸೆಕೆಂಡಿಗೆ 60 ಫ್ರೇಮಿನ ಮ್ಯಾಲೇ ಎಫ್‌ಪಿಎಸ್ ಇರತಿತ್ತು, ಸೇಂಟ್ ಡೆನಿಸ್ ಊರೊಳಗ ಹೊಕ್ಕ ಕೂಡ್ಲೆ ಗಕ್ಕಂತ ನಿಂತು ಮತ್ತ ಹೊಂಡೂದು, ನಿಂತು ಮತ್ತ ಹೊಂಡೂದು. ಸೆಟ್ಟಿಂಗ್ ಎಲ್ಲಾ ಲೋ ಮಾಡಿದ್ನಿ, ಸರಾಸರಿ ಎಫ್‌ಪಿಎಸ್ 90 ಆತು, ಆದ್ರ ಗಕ್ಕ ಅನ್ನೋದು ಹಂಗೇ ಉಳೀತು. ಇಲ್ಲೇ ಮಂದಿ ಕಾರ್ಡ್ ಕೆಟ್ಟೈತಿ ಅಂತ ತಿಳಕೊಂತಾರ, ನಾನೂ ಹಂಗ ತಿಳಕೊಂಡು ಎರಡ ಸಲ ಡ್ರೈವರ್ ತಗದು ಹಾಕಿದ್ನಿ. ಆದ್ರ ಲೆಕ್ಕ ಬ್ಯಾರೇನ ಐತಿ. 60 ಎಫ್‌ಪಿಎಸ್ ಅಂದ್ರ ಒಂದ ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡ್. ಒಂದ ನಿಮಿಷದಾಗ ಉಳದ ಫ್ರೇಮ್ ಎಲ್ಲಾ ಸರಿ ಬಂದು ಒಂದ ಫ್ರೇಮ್ 300 ಮಿಲಿಸೆಕೆಂಡ್ ತಗೊಂಡ್ರ ಸರಾಸರಿಯಾಗ ಅದು ಮುಚ್ಚಿ ಹೋಗತೈತಿ, ಕಣ್ಣಿಗೆ ಮಾತ್ರ ಕಾಣ್ತೈತಿ. ಸೆಟ್ಟಿಂಗ್ ಲೋ ಮಾಡಿದ್ರೂ ಅದು ಹೋಗಲಿಲ್ಲ ಅಂದ್ರ ಕಾರ್ಡ್ ಬಿಟ್ಟು ಬ್ಯಾರೆ ಕಡೆ ಹುಡುಕಬೇಕು.

ನಾ ಹುಡುಕಿದ್ದು ಹಿಂಗ. ಗೇಮ್ ನಡಿಯಾಕತ್ತಾಗ `Ctrl+Shift+Esc` ಒತ್ತಿ ಟಾಸ್ಕ್ ಮ್ಯಾನೇಜರ್ ತಗದು `Performance` ಒಳಗ `Memory` ನೋಡ್ರಿ. ಎಲ್ಲಾರೂ ನೋಡೋದು `In use` ಒಂದ, ಅದು ಅರ್ಧಾ ಮಾತ್ರ ಹೇಳತೈತಿ. ಅದರ ಕೆಳಗ `Committed` ಅಂತ ಎರಡು ಅಂಕಿ ಇರತಾವ, ಪ್ರೋಗ್ರಾಮ್‌ಗಳೆಲ್ಲಾ ಸೇರಿ ನಮಗ ಇಷ್ಟು ಜಾಗಾ ಬೇಕು ಅಂತ ಕೇಳಿ ತಗೊಂಡದ್ದು ಮೊದಲನೇದು, ರ‍್ಯಾಮ್ ಮತ್ತ ಜಾಗಾ ಸಾಲದಾಗ ವಿಂಡೋಸ್ ಡಿಸ್ಕ್ ಮ್ಯಾಗ ಬಳಸೋ ಪೇಜ್ ಫೈಲ್ ಕೂಡಿಸಿದ್ರ ಇರೋ ಗಡಿ ಎರಡನೇದು. ನಂದು ಸೇಂಟ್ ಡೆನಿಸ್‌ನ್ಯಾಗ `In use` 7.4, `Committed` 12.6/14.9 ತೋರಸ್ತಿತ್ತು. ಅಂದ್ರ 8 ಜಿಬಿ ಮನ್ಯಾಗ ಹನ್ನೆರಡೂವರಿ ಜಿಬಿ ಸಂಸಾರ, ಉಳದದ್ದು ಡಿಸ್ಕ್ ಮ್ಯಾಗ. ಗೇಮಿಗೆ ಆ ಡಿಸ್ಕಿನ ಮ್ಯಾಲಿಂದು ಬೇಕಾದಾಗ ಅದು ವಾಪಸ್ ಬರೋತನಕಾ ಫ್ರೇಮ್ ನಿಂತು ಕಾಯತೈತಿ, ಗಕ್ಕ ಅನ್ನೋದು ಅದೇ. ನಂದರಾಗ ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಪಿಸಿ ಜೋಡಿಸಿ ಕೊಟ್ಟವರು ಎಸ್‌ಎಸ್‌ಡಿ ಸವೆದು ಹೋಗಬಾರದು ಅಂತ ಪೇಜ್ ಫೈಲ್ ತಗದು ಹಾರ್ಡ್ ಡಿಸ್ಕಿಗೆ ಹಾಕಿ ಕೊಟ್ಟಿದ್ರು. ಅದನ್ನ ತಿರುಗಿ ಸಿ ಡ್ರೈವ್‌ನ ಎಸ್‌ಎಸ್‌ಡಿಗೆ ತಂದಾಗ ಅರ್ಧದಷ್ಟು ತ್ರಾಸ್ ಅಲ್ಲೇ ಕಡಿಮಿ ಆತು, ಒಂದ ರೂಪಾಯಿ ಖರ್ಚಿಲ್ಲದ. ಪೂರ್ತಿ ಬಂದ್ ಮಾಡಾಕ ಹೋಗಬ್ಯಾಡ್ರಿ, ಮಾಡಿದ್ರ ಗೇಮ್ ನಿಧಾನ ಆಗೋದಲ್ಲ, ನಡುವ ಕ್ರ್ಯಾಶೇ ಆಗತೈತಿ.

2023ರ ಕೊನಿಗೆ 16 ಮಾಡಿದ್ನಿ. ಆ ವರ್ಷ ಸೆಪ್ಟೆಂಬರ್‌ದಾಗ ಸೈಬರ್‌ಪಂಕ್ 2077ರ 2.0 ಅಪ್ಡೇಟ್ ಬಂತು, ಕಂಪನಿಯವರು ಕನಿಷ್ಠ ರ‍್ಯಾಮೇ 12 ಜಿಬಿ ಅಂತ ಬರದು ಬಿಟ್ರು, ಅವತ್ತಿಗೆ 8ರ ಕತಿ ಮುಗೀತು ಅಂತ ನನಗ ಅನಿಸ್ತು. ಹುಬ್ಬಳ್ಳಿಯಿಂದ ಇನ್ನೊಂದ 8 ಜಿಬಿ ಸ್ಟಿಕ್ ತರಿಸಿದ್ನಿ, ಬ್ಯಾರೆ ಕಂಪನೀದು. ಅದನ್ನ ಹಾಕೋ ಮುಂದ ನಾ ಒಂದ ತಪ್ಪ ಮಾಡಿದ್ನಿ, ಆದ್ರ ಆ ತಪ್ಪಿನಿಂದನ ಒಂದು ವಿಷಯ ಪಕ್ಕಾ ಗೊತ್ತಾತು. ಹಳೇ ಸ್ಟಿಕ್ಕಿನ ಬಾಜೂಕಿನ ಸ್ಲಾಟಿಗೇ ಹೊಸಾದ್ದನ್ನ ಒತ್ತಿ ಕೂಡಿಸಿಬಿಟ್ನಿ. ವಿಂಡೋಸ್ 16 ತೋರಿಸ್ತು, ರೆಡ್ ಡೆಡ್‌ನ್ಯಾಗ ಗಕ್ಕ ಅನ್ನೋದು ಪೂರಾ ಹೋತು, ನನಗ ಖುಷಿನೋ ಖುಷಿ. ಕೌಂಟರ್ ಸ್ಟ್ರೈಕ್ 2ರಾಗ ಮಾತ್ರ ಒಂದಿಷ್ಟೂ ಫರಕ್ ಇಲ್ಲ, ಸರಾಸರಿ 170ರ ಆಸುಪಾಸು, ಸ್ಮೋಕ್ ಬಿದ್ದಾಗ 70ಕ್ಕ ಇಳಿಯೋದು ಹಂಗೇ. ಒಂದ ವಾರ ಆದ ಮ್ಯಾಲೆ ಬೋರ್ಡಿನ ಪುಸ್ತಕ ತಗದು ನೋಡಿದ್ನಿ, ಎರಡು ಸ್ಟಿಕ್ ಇದ್ರ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದು ಮತ್ತ ನಾಕನೇದು, ಅಂದ್ರ `A2`, `B2`ದಾಗ ಹಾಕಬೇಕು ಅಂತ ಚಿತ್ರಾನೇ ಇತ್ತು. ತಗದು ಹಂಗ ಹಾಕಿದ್ನಿ. ಕೌಂಟರ್ ಸ್ಟ್ರೈಕ್ ಸರಾಸರಿ 200 ದಾಟ್ತು, ಕೆಳಗ ಬಿದ್ರೂ 95ರ ಮ್ಯಾಲೇ ನಿಲ್ಲಾಕತ್ತು.

ಇದರ ಕಾರಣ ಹೇಳತೀನಿ ಕೇಳ್ರಿ. ಮೊದಲನೇ ಎರಡು ಸ್ಲಾಟ್ ಒಂದ ಚಾನೆಲ್ಲಿನವು, ಕೊನೇ ಎರಡು ಇನ್ನೊಂದರವು, ಒಂದ ಚಾನೆಲ್ಲಿನ್ಯಾಗ ಎಷ್ಟು ಸ್ಟಿಕ್ ಹಾಕಿದ್ರೂ ದಾರಿ ಒಂದೇ. ಡಿಡಿಆರ್4 3200ಕ್ಕ ಒಂದ ಚಾನೆಲ್ ಅಂದ್ರ ಸೆಕೆಂಡಿಗೆ ಹೆಚ್ಚಂದ್ರ 25.6 ಜಿಬಿ, ಎರಡು ಚಾನೆಲ್ ಆದ್ರ 51.2. ರೆಡ್ ಡೆಡ್‌ಗೆ ಬೇಕಾಗಿದ್ದು ಜಾಗಾ, ಅದು ಒಂದ ದಾರಿಯಾಗೂ ಸಿಕ್ತು. ಕೌಂಟರ್ ಸ್ಟ್ರೈಕ್‌ಗೆ ಜಾಗಾ ಮೊದಲ ಸಾಕಷ್ಟಿತ್ತು, ಅದಕ್ಕ ಬೇಕಾಗಿದ್ದು ದಾರಿ. 8ರಿಂದ 16 ಮಾಡಿ ನಂದು ಡಬಲ್ ಆತು ಅಂತ ಯಾರರ ಹೇಳಿದ್ರ ಅದರಾಗ ಈ ಎರಡೂ ಕೂಡೇ ಇರತಾವ. ಅದಕ್ಕ 16 ತಗೊಳ್ಳೋರು 16ರದೊಂದು ಸ್ಟಿಕ್ ತಗೊಂಡು ಮುಂದ ನೋಡೂಣು ಅನ್ನಬ್ಯಾಡ್ರಿ, 8ರವು ಎರಡು ತಗೊಳ್ರಿ. ನಿಮ್ಮ ಮಷಿನ್ ಈಗ ಹೆಂಗೈತಿ ನೋಡಾಕ ಸಿಪಿಯು-ಝಡ್ ಅನ್ನೋ ಸಣ್ಣ ಸಾಫ್ಟ್‌ವೇರ್ ಸಾಕು, `Memory` ಟ್ಯಾಬಿನ್ಯಾಗ `Channel #` ಅಂತ ಇರತೈತಿ, ಅಲ್ಲಿ ಒಂದು ಅಂತ ಐತೋ ಎರಡು ಅಂತ ಐತೋ ನೋಡ್ರಿ.

ಬ್ಯಾರೆ ಬ್ಯಾರೆ ಕಂಪನಿ ಸ್ಟಿಕ್ ಕೂಡಿಸಿದ್ದಕ್ಕ ನಾ ಬ್ಯಾರೆ ದಂಡಾ ಕಟ್ಟಿದ್ನಿ. ಬಯೋಸ್‌ನ್ಯಾಗ ಸ್ಟಿಕ್ಕನ್ನ ಅದರ ಮ್ಯಾಲೆ ಬರದ ವೇಗಕ್ಕ ಓಡಸೋ `XMP` ಹಚ್ಚಿ 3200ಕ್ಕ ಇಟ್ರ ಅರ್ಧಾ ತಾಸು ಆಡೋದ್ರಾಗ ನೀಲಿ ಸ್ಕ್ರೀನು, `MEMORY_MANAGEMENT` ಅಂತ. ಮೆಮ್‌ಟೆಸ್ಟ್86 ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಪೂರ್ತಿ ಬಿಟ್ನಿ, ಮುಂಜಾನೆ ಎದ್ದು ನೋಡಿದ್ರ ಸ್ಕ್ರೀನ್ ತುಂಬ ಕೆಂಪು ಸಾಲು. ಒಂದೊಂದ ಸ್ಟಿಕ್ ಹಾಕಿ ನೋಡಿದ್ರ ಎರಡೂ ಚೊಲೋ ಅದಾವ, ಕೂಡಿಸಿದ್ರಷ್ಟ ಜಗಳ. 2933ಕ್ಕ ಇಳಿಸಿದ್ನಿ, ಆಮೇಲೆ ಒಂದೂ ತಪ್ಪು ಬರಲಿಲ್ಲ, ಒಂದೂವರಿ ವರ್ಷ ಹಂಗೇ ಓಡಸಿದ್ನಿ. ಎರಡು ಸ್ಟಿಕ್ ಒಂದ ಡಬ್ಬಿಯಾಗ ಬರೋ ಕಿಟ್ ತಗೊಂಡಿದ್ರ ಇದ್ಯಾವುದೂ ಇರತಿರಲಿಲ್ಲ.

16ರಾಗ ನಾ ಆಡಿದ್ದ ಬಹಳಷ್ಟು ಗೇಮಿಗೆ ಜಾಗಾ ಸಾಲಿತು. ಸೈಬರ್‌ಪಂಕ್ 12-13 ತಿಂತಿತ್ತು, ಎಲ್ಡನ್ ರಿಂಗ್ ಅದಕ್ಕಿಂತ ಕಡಿಮಿ. ಗಡಿಗೆ ಬಂದದ್ದು ಹಾಗ್‌ವರ್ಟ್ಸ್ ಲೆಗಸಿ, ಅದಕ್ಕ ಕನಿಷ್ಠ ಅಂತ ಬರದದ್ದೇ 16, ಅಲ್ಟ್ರಾಗೆ 32. ಗೇಮ್ ಒಂದೇ ನಡದ್ರ ಹೆಂಗೋ ನಡೀತಿತ್ತು, ಹಿಂದ ಕ್ರೋಮ್‌ನ್ಯಾಗ ಇಪ್ಪತ್ತ ಟ್ಯಾಬ್, ಡಿಸ್ಕಾರ್ಡ್, ಎಲ್ಲಾ ಇದ್ರ `Committed` 21ಕ್ಕ ಹೋಗಿ ಹಾಗ್ಸ್‌ಮೀಡ್ ಊರಾಗ ಹಳೇ ಗಕ್ಕ ಮತ್ತ ಹಾಜರ್.

2025ರ ನಡುವ 16ರವು ಎರಡು ಸ್ಟಿಕ್ಕಿನ ಕಿಟ್ ತಗೊಂಡ್ನಿ, 32 ಆತು, `XMP` ಹಚ್ಚಿದ ಕೂಡ್ಲೆ 3200ಕ್ಕ ನಿಂತು. ಸರಾಸರಿ ಎಫ್‌ಪಿಎಸ್ ಯಾವ ಗೇಮಿನ್ಯಾಗೂ ಹೇಳಿಕೊಳ್ಳೋವಂಗ ಏರಲಿಲ್ಲ, 2933ರಿಂದ 3200ಕ್ಕ ಬಂದದ್ದಕ್ಕ ಎರಡು ಮೂರು ಹೆಚ್ಚಾಗಿರಬಹುದು ಅಷ್ಟ. ಹಾಗ್‌ವರ್ಟ್ಸ್‌ದಾಗ ಕ್ರೋಮ್ ತೆರದಿದ್ರೂ ಈಗ ತ್ರಾಸಿಲ್ಲ, ಆದ್ರ ಬಾಗಲಾ ತಗಿಯೋ ಮುಂದ ಸಣ್ಣ ಜಟಕಾ ಇನ್ನೂ ಬರತಾವ, ಅವು ಗೇಮಿನವು, 64 ಹಾಕಿದ್ರೂ ಹೋಗಂಗಿಲ್ಲ. 32 ನಿಜವಾಗಿ ಕೆಲಸಕ್ಕ ಬಂದದ್ದು ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024ರಾಗ. ಅದಕ್ಕ ಕಂಪನಿ ಹೇಳೋದು ಕನಿಷ್ಠ 16, ಶಿಫಾರಸು 32, ಇನ್ನೂ ಚೊಲೋ ಬೇಕಂದ್ರ 64. ಬೆಳಗಾವಿ ಸಾಂಬ್ರಾದಿಂದ ಏರಿಸಿ ಗೋವಾ ಕಡೆ ತಿರುಗಿಸಿದ್ರ ಕೆಳಗ ಘಟ್ಟದ ಕಾಡು ಶುರು ಆಗತೈತಿ, ಅಲ್ಲಿ `In use` 20 ದಾಟಿದ್ದನ್ನ ನಾನೇ ನೋಡೀನಿ, ಒಂದ ಕಡೆನೂ ನಿಲ್ಲಲಿಲ್ಲ.

ಒಂದ ಮಾತು ಲಕ್ಷ್ಯದಾಗ ಇಟ್ಕೊಳ್ರಿ, 32 ಹಾಕಿದ ಮ್ಯಾಲೆ ಸೈಬರ್‌ಪಂಕ್ ಮುಂದ 17 ತೋರಸ್ತೈತಿ. ಅದೇ ಗೇಮ್ 16ರಾಗ 13ರ ಒಳಗ ಆರಾಮ್ ಇತ್ತು. ಜಾಗಾ ಇದ್ದಷ್ಟು ಎಲ್ಲಾರೂ ಕಾಲು ಚಾಚತಾರ, ವಿಂಡೋಸೂ ಚಾಚತೈತಿ. ಹಿಂಗಾಗಿ 32 ಇದ್ದವರ ವಿಡಿಯೋದಾಗ 17 ಕಂಡಿತು ಅಂತ ನಿಮ್ಮ 16 ಸಾಲಂಗಿಲ್ಲ ಅಂತ ತಿಳಕೋಬ್ಯಾಡ್ರಿ, ನಿಮ್ಮ ಮಷಿನ್‌ನ್ಯಾಗ ಗೇಮ್ ನಿಲ್ಲತೈತೋ ಇಲ್ಲೋ ಅದನ್ನ ನೋಡ್ರಿ. 2025ರ ಕೊನಿಗೆ ರ‍್ಯಾಮ್ ರೇಟ್ ಸಿಕ್ಕಾಪಟ್ಟೆ ಏರೇತಿ, ಈಗಂತೂ ಸುಮ್ಮಸುಮ್ಮನ 32ಕ್ಕ ಹೋಗೋದು ನನಗ ಸರಿ ಕಾಣಂಗಿಲ್ಲ. ಎರಡು ಸ್ಟಿಕ್ಕಿನ 16 ಇದ್ದವರು ಅಲ್ಲೇ ಇರ್ರಿ, ಆ ರೊಕ್ಕ ಕಾರ್ಡಿಗೆ ಕೂಡಿಸ್ರಿ.

ಕಾರ್ಡ್ ಅಂದ ಕೂಡ್ಲೆ ನೆನಪಾತು. ಜಮಖಂಡಿಯಾಗ ನಮ್ಮ ಕಾಕಾನ ಮಗಾ ಅದಾನ, 4 ಜಿಬಿ ಕಾರ್ಡ್, 16 ರ‍್ಯಾಮ್. "ಅಣ್ಣಾ, ಗೇಮ್ ನಿಂತು ನಿಂತು ಹೊಂಟೈತಿ, 32 ಹಾಕಸ್ಲೇನು?" ಅಂತ ಫೋನ್ ಹಚ್ಚಿದ್ದ. ಟಾಸ್ಕ್ ಮ್ಯಾನೇಜರ್‌ದಾಗ `GPU` ಒತ್ತಿ `Dedicated GPU memory` ಎಷ್ಟೈತಿ ನೋಡೋ ತಮ್ಮಾ ಅಂದ್ನಿ. 3.9/4.0, ಅದರ ಬಾಜೂಕ `Shared` 2.3. ರ‍್ಯಾಮ್ ತುಂಬಿರಲಿಲ್ಲ, ಕಾರ್ಡ್ ತುಂಬಿ ರ‍್ಯಾಮಿಗೆ ಚೆಲ್ಲಿತ್ತು, ರ‍್ಯಾಮಿಗೆ ಹೋಗಿ ಬರೋ ದಾರಿ ಕಾರ್ಡಿನ ಸ್ವಂತ ಮೆಮೊರಿಗಿಂತ ಎಷ್ಟೋ ನಿಧಾನ. ಟೆಕ್ಸ್ಚರ್ ಹೈದಿಂದ ಮೀಡಿಯಂ ಮಾಡಿಸಿದ್ನಿ, 3.4ಕ್ಕ ಇಳೀತು, ಫೋನ್ ಇಡೂಕಿಂತ ಮೊದಲ "ಹೋತಣ್ಣಾ" ಅಂದ.